ಹೊಸ ಉಳುಕಿಗೆ ಐಸು, ಹಳೆಯ ಬಿಗಿತಕ್ಕೆ ಶಾಖ: ಒಂದೇ ಮನೆಯ ಎರಡು ಕಾಲುಗಳ ಹೋಲಿಕೆ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯೊಂದರ ತಂದೆ ಮತ್ತು ಮಗ ಜನವರಿಯ ಒಂದು ಸೋಮವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿರುವ ನನ್ನ ಫಿಸಿಯೋಥೆರಪಿ ಕೊಠಡಿಗೆ ಬಂದಾಗ ಇಬ್ಬರೂ ಕುಂಟುತ್ತಿದ್ದರು. ಹತ್ತೊಂಬತ್ತು ವರ್ಷದ ಮಗ ಹಿಂದಿನ ದಿನ ಗೆಳೆಯರ ಜೊತೆ ನಂದಿಬೆಟ್ಟದ ಮೆಟ್ಟಿಲುದಾರಿಯಲ್ಲಿ ಇಳಿಯುವಾಗ ಪಾದ ಒಳಮಗ್ಗುಲಿಗೆ ತಿರುಚಿ ಕುಸಿದಿದ್ದ. ತಂದೆಯದು ನಾಲ್ಕು ವರ್ಷದ ಹಿಂದಿನ ಪೆಟ್ಟು. ಬೈಕಿನಿಂದ ಬಿದ್ದು ಬಲಗಾಲಿನ ಹರಡು, ಅಂದರೆ ಕಾಲೂ ಪಾದವೂ ಕೂಡುವ ಗಂಟು, ಮುರಿದು ಆರು ವಾರ ಪ್ಲಾಸ್ಟರಿನಲ್ಲಿತ್ತು. ಎಲುಬು ಚೆನ್ನಾಗಿಯೇ ಕೂಡಿಕೊಂಡಿದ್ದರೂ ಗಂಟು ಮಾತ್ರ ಬಿಗಿಯಾಗಿಯೇ ಉಳಿದಿತ್ತು. ಮನೆಯಲ್ಲಿ ಇಬ್ಬರಿಗೂ ಆರೈಕೆ ನಡೆದಿತ್ತು, ಆದರೆ ತಿರುವುಮುರುವಾಗಿ. ಅಜ್ಜಿ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಮ್ಮಗನ ಕಾಲಿಗೆ ಶಾಖ ಕೊಟ್ಟು, ಬೆಚ್ಚಗಿನ ಹರಳೆಣ್ಣೆ ಹಚ್ಚಿ ಚೆನ್ನಾಗಿ ನೀವಿದ್ದರು. ತಂದೆ ಕ್ರಿಕೆಟ್ ಆಟಗಾರರು ಕಾಲಿಗೆ ಐಸು ಕಟ್ಟಿಕೊಳ್ಳುವುದನ್ನು ಟಿವಿಯಲ್ಲಿ ನೋಡಿ, ವಾರದಿಂದ ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಪ್ಪತ್ತು ನಿಮಿಷ ಐಸು ಇಟ್ಟುಕೊಳ್ಳುತ್ತಿದ್ದರು. ಮಗನ ಕಾಲು ಚಪ್ಪಲಿಗೆ ಹಿಡಿಸದಷ್ಟು ಊದಿತ್ತು. ತಂದೆಗೆ ಹಿಂದೆ ಹತ್ತು ನಿಮಿಷಕ್ಕೆ ಸಡಿಲವಾಗುತ್ತಿದ್ದ ಕಾಲು ಈಗ ಅರ್ಧ ಗಂಟೆ ನಡೆದರೂ ಸಡಿಲವಾಗುತ್ತಿರಲಿಲ್ಲ.

ಇಬ್ಬರ ಔಷಧಿಯನ್ನೂ ಅದಲುಬದಲು ಮಾಡಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದ ಅರ್ಧ, ಅಂದರೆ ಎಷ್ಟು ಹೊತ್ತು, ಎಷ್ಟು ಬಿಸಿ, ಎಷ್ಟು ತಂಪು, ಯಾವಾಗ ನಿಲ್ಲಿಸಬೇಕು ಎಂಬ ವಿಷಯಗಳಲ್ಲಿ ಸಾಮಾನ್ಯವಾಗಿ ತಪ್ಪು ಆಗುತ್ತದೆ.

ಮೊದಲು ಮಗನ ಕಾಲಿನೊಳಗೆ ಏನಾಗಿದೆ ಎಂಬುದನ್ನು ನೋಡೋಣ. ಪಾದ ಒಳಕ್ಕೆ ತಿರುಚಿದಾಗ ಹರಡಿನ ಹೊರಬದಿಯಲ್ಲಿ ಎಲುಬಿಗೂ ಎಲುಬಿಗೂ ಬಿಗಿದಿರುವ ಲಿಗಮೆಂಟ್ ಎಂಬ ನಾರುಪಟ್ಟಿ ಎಳೆದುಹೋಗಿ, ಅದರ ಕೆಲವು ಎಳೆಗಳು ಹರಿಯುತ್ತವೆ, ಜೊತೆಗಿರುವ ಸಣ್ಣ ರಕ್ತನಾಳಗಳೂ ಹರಿಯುತ್ತವೆ. ಹೊರಬದಿಯ ಗುಂಡನೆಯ ಎಲುಬಿನ ಮುಂದೆ ಒಂದು ಸಣ್ಣ ತಗ್ಗು ಇರುತ್ತದಲ್ಲ, ಆ ಜಾಗದ ಪಟ್ಟಿಗೆ ಪೆಟ್ಟಾಗುವುದೇ ಹೆಚ್ಚು. ರಕ್ತವೂ ನೀರೂ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತವೆ, ದೇಹ ದುರಸ್ತಿಗೆಂದು ಆ ಕಡೆಗೆ ಇನ್ನಷ್ಟು ರಕ್ತವನ್ನು ಹರಿಸುತ್ತದೆ, ಆದ್ದರಿಂದ ಜಾಗ ಬಿಸಿಯಾಗಿ, ಕೆಂಪಾಗಿ, ಊದಿ, ಮಿಡಿಯುತ್ತದೆ. ಮೊದಲ ಎರಡು ಮೂರು ದಿನ ಈ ಸ್ಥಿತಿ ಜೋರಾಗಿರುತ್ತದೆ. ಈ ಹೊತ್ತಿನಲ್ಲಿ ಶಾಖ ಕೊಟ್ಟರೆ ರಕ್ತನಾಳಗಳು ಇನ್ನಷ್ಟು ಹಿಗ್ಗುತ್ತವೆ, ಸೋರುವ ಕೊಳಾಯಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದ ಹಾಗೆ. ಅದರ ಮೇಲೆ ನೀವಿದರೆ ಆಗತಾನೆ ಹರಿದ ಎಳೆಗಳನ್ನು ಕೈಯಾರೆ ಎಳೆದಂತಾಗುತ್ತದೆ. ಅಜ್ಜಿ ಶಾಖ ಕೊಟ್ಟಾಗ ಹುಡುಗನಿಗೆ ಹಾಯೆನಿಸಿದ್ದು ನಿಜವೇ. ಬೆಚ್ಚಗಾದ ಚರ್ಮ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ಕಾಲು ಊದಿದ್ದು ಆ ಹಾಯಿ ಕಳೆದ ಮೇಲೆ, ಸಂಜೆಯ ಹೊತ್ತಿಗೆ.

ತಂದೆಯ ಕಾಲಿನೊಳಗೆ ಇದರಲ್ಲಿ ಯಾವುದೂ ಇಲ್ಲ. ಅಲ್ಲಿ ಸೋರುವುದು ನಿಂತು ನಾಲ್ಕು ವರ್ಷವಾಗಿದೆ. ಗಾಯ ಮಾಯುವಾಗ ಹುಟ್ಟಿದ ಗಡುಸಾದ ನಾರು, ಆರು ವಾರ ಅಲುಗಾಡದೆ ಗಿಡ್ಡವಾದ ಮೀನಖಂಡದ ಸ್ನಾಯು, ಗಂಟಿನ ಸುತ್ತ ಬಿಗಿದುಕೊಂಡ ಚೀಲ, ಇವು ಮೂರೂ ಸೇರಿ ಪಾದವನ್ನು ಮೇಲಕ್ಕೆ ಮಡಿಸಲು ಬಿಡುತ್ತಿಲ್ಲ. ಗಟ್ಟಿಯಾದ ತುಪ್ಪದಂತೆ ಈ ನಾರು ತಣ್ಣಗಾದಾಗ ಇನ್ನಷ್ಟು ಗಡುಸಾಗುತ್ತದೆ, ಬೆಚ್ಚಗಾದಾಗ ಸ್ವಲ್ಪ ಮಣಿಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗಿನ ಜಾವ ಈ ಕಾಲಿಗೆ ಐಸು ಇಡುವುದೆಂದರೆ, ರಾತ್ರಿಯಿಡೀ ಗಟ್ಟಿಯಾದದ್ದನ್ನು ಇನ್ನೂ ಗಟ್ಟಿ ಮಾಡಿ ಕೆಲಸಕ್ಕೆ ಹೊರಟಂತೆ.

ಆದರೆ ಐಸೋ ಶಾಖವೋ ಎಂದು ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಮತ್ತು ಹೊಸ ಉಳುಕಿನಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ: ಇದು ಉಳುಕೇ ಅಥವಾ ಎಲುಬು ಮುರಿದಿದೆಯೇ? ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳವಾದ ಪರೀಕ್ಷೆಯೊಂದನ್ನು ಇಂದು ಜಗತ್ತಿನಾದ್ಯಂತ ತುರ್ತು ಚಿಕಿತ್ಸಾ ಘಟಕಗಳಲ್ಲಿ ಬಳಸುತ್ತಾರೆ. ಪೆಟ್ಟಾದ ಕೂಡಲೇ ಆಗಲಿ, ಪರೀಕ್ಷಿಸುವ ಹೊತ್ತಿಗಾಗಲಿ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಹರಡಿನ ಎರಡು ಬದಿಯ ಗುಂಡನೆಯ ಎಲುಬುಗಳ ಹಿಂಭಾಗದ ಅಂಚನ್ನು, ಕೆಳತುದಿಯಿಂದ ಮೇಲಕ್ಕೆ ಸುಮಾರು 6 ಸೆಂಟಿಮೀಟರ್‌ವರೆಗೆ, ಬೆರಳಿನಿಂದ ಒತ್ತಿದಾಗ ಎಲುಬಿನ ಮೇಲೆಯೇ ನೋವಾದರೂ ಎಕ್ಸ್‌ರೇ ಬೇಕು. ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬಿನ ಮೇಲೆ, ಅಥವಾ ಪಾದದ ಒಳಬದಿಯ ಕಮಾನಿನ ಮೇಲ್ಭಾಗದ ಎಲುಬಿನ ಮೇಲೆ ನೋವಿದ್ದರೂ ಅಷ್ಟೇ. ನಮ್ಮ ಹುಡುಗ ಬೆಟ್ಟದ ಬುಡದಿಂದ ಬಸ್ಸಿನವರೆಗೆ ಕುಂಟಿಕೊಂಡೇ ನಡೆದಿದ್ದ, ನನ್ನ ಮುಂದೆಯೂ ಹಲ್ಲುಕಚ್ಚಿ ನಾಲ್ಕು ಹೆಜ್ಜೆ ಹಾಕಿದ, ಎಲುಬಿನ ಅಂಚುಗಳನ್ನು ಒತ್ತಿದಾಗ ಸುಮ್ಮನಿದ್ದವನು ಮುಂದಿನ ತಗ್ಗನ್ನು ಮುಟ್ಟಿದ ತಕ್ಷಣ ಕಾಲೆಳೆದುಕೊಂಡ. ಹಾಗಾಗಿ ಅವನನ್ನು ಎಕ್ಸ್‌ರೇಗೆ ಕಳಿಸಲಿಲ್ಲ. ಗಂಟಿನ ಆಕಾರವೇ ಬದಲಾಗಿದ್ದರೆ ಅಥವಾ ಬೆರಳುಗಳು ಬಿಳಿಚಿಕೊಂಡು ಜೋಮು ಹಿಡಿದಿದ್ದರೆ ಈ ಪರೀಕ್ಷೆಯೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಐಸಿನ ವಿಷಯ. ಫ್ರಿಜ್ಜಿನ ಫ್ರೀಜರಿನಿಂದ ಆಗತಾನೆ ತೆಗೆದ ಐಸಿನ ತುಂಡಾಗಲಿ, ಅಂಗಡಿಯಲ್ಲಿ ಸಿಗುವ ಜೆಲ್ ಪ್ಯಾಕಾಗಲಿ ಸೊನ್ನೆ ಡಿಗ್ರಿಯಲ್ಲಿ ಇರುವುದಿಲ್ಲ. ಒಳ್ಳೆಯ ಫ್ರೀಜರಾದರೆ ಅದು ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಅದನ್ನು ಬರಿಯ ಚರ್ಮಕ್ಕೆ ಒತ್ತಿದರೆ ಚರ್ಮ ಸುಟ್ಟಂತೆಯೇ ಗಾಯವಾಗುತ್ತದೆ. ಕರಗಲು ಶುರುವಾದ ಐಸು ಮಾತ್ರ, ಪೂರ್ತಿ ಕರಗುವವರೆಗೂ, ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ. ಆದ್ದರಿಂದ ಒಂದು ಟ್ರೇ ಐಸನ್ನು ಟವೆಲಿನಲ್ಲಿ ಸುತ್ತಿ, ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅರ್ಧ ಲೋಟ ನೀರು ಸೇರಿಸಿ, ಗಾಳಿಯನ್ನೆಲ್ಲ ಹೊರದಬ್ಬಿ ಕಟ್ಟಬೇಕು. ಇಂಥ ಚೀಲ ಹರಡಿನ ಉಬ್ಬುತಗ್ಗುಗಳಿಗೆ ಮೆತ್ತಗೆ ಒಗ್ಗಿಕೊಳ್ಳುತ್ತದೆ. ಚರ್ಮಕ್ಕೂ ಚೀಲಕ್ಕೂ ನಡುವೆ ಒದ್ದೆ ಮಾಡಿ ಹಿಂಡಿದ ತೆಳುವಾದ ಬಟ್ಟೆ ಇರಬೇಕು. ಒಣ ದಪ್ಪ ಟವೆಲು ಸುತ್ತಿದರೆ ತಂಪು ಒಳಕ್ಕೆ ಇಳಿಯುವುದೇ ಇಲ್ಲ.

ಹೊತ್ತನ್ನು ಗಡಿಯಾರಕ್ಕಿಂತ ಚರ್ಮವೇ ಚೆನ್ನಾಗಿ ಹೇಳುತ್ತದೆ. ಮೊದಲು ಚಳಿ, ಆಮೇಲೆ ಉರಿ, ಆಮೇಲೆ ಆಳದ ನೋವು, ಕೊನೆಗೆ ಮರಗಟ್ಟುವಿಕೆ, ಹೀಗೆ ನಾಲ್ಕು ಮೆಟ್ಟಿಲುಗಳಲ್ಲಿ ಅನುಭವ ಬದಲಾಗುತ್ತದೆ. ಮರಗಟ್ಟಿದ ಕೂಡಲೇ ತೆಗೆಯಬೇಕು. ಹರಡಿನಂಥ ಮಾಂಸ ಕಡಿಮೆ ಇರುವ ಜಾಗದಲ್ಲಿ ಇದಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು, ಇಪ್ಪತ್ತನ್ನು ದಾಟುವ ಅಗತ್ಯ ಯಾವತ್ತೂ ಇಲ್ಲ. ಒಮ್ಮೆ ಇಟ್ಟ ಮೇಲೆ ಕನಿಷ್ಠ ಎರಡು ಗಂಟೆ ಬಿಡುವು ಕೊಟ್ಟು, ಎಚ್ಚರವಾಗಿರುವ ಹೊತ್ತಿನಲ್ಲಿ ದಿನಕ್ಕೆ ನಾಲ್ಕೈದು ಬಾರಿ, ಹೀಗೆ ಎರಡು ದಿನ, ಹೆಚ್ಚೆಂದರೆ ಮೂರು ದಿನ. ಐಸು ಕಟ್ಟಿಕೊಂಡು ನಿದ್ದೆ ಹೋಗುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಕೆಟ್ಟದ್ದು, ಏಕೆಂದರೆ ಮರಗಟ್ಟಿದ ಚರ್ಮ ತಾನು ಹಾಳಾಗುತ್ತಿರುವುದನ್ನು ಹೇಳುವುದಿಲ್ಲ. ಚೀಲ ತೆಗೆದಾಗ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸರಿಯಾಗಿದೆ. ಮೇಣದಂತೆ ಬಿಳಿಚಿ ಗಟ್ಟಿಯಾಗಿದ್ದರೆ ಹೊತ್ತು ಮೀರಿದೆ.

ಐಸಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಹೇಳಬೇಕು. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರು ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕನ್ನು ಸೇರಿಸಿ ಕೊಟ್ಟ ಸೂತ್ರವನ್ನು ನನ್ನ ತಲೆಮಾರಿನ ಫಿಸಿಯೋಥೆರಪಿಸ್ಟರೆಲ್ಲ ಬಾಯಿಪಾಠ ಮಾಡಿದ್ದೇವೆ. ಅದೇ ಮರ್ಕಿನ್ 2014ರಲ್ಲಿ, ಐಸು ಗಾಯ ಮಾಯುವುದನ್ನು ನಿಧಾನ ಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ದೇಹ ದುರಸ್ತಿಗೆ ಕಳಿಸುವ ರಕ್ತವನ್ನೇ ಅತಿಯಾಗಿ ತಡೆಯುವುದು ಜಾಣತನವಲ್ಲ ಎಂಬುದು ಅವರ ತರ್ಕ. ನನ್ನ ಅಭಿಪ್ರಾಯದಲ್ಲಿ ಐಸು ನೋವು ತಗ್ಗಿಸುವ ಸಾಧನ ಮಾತ್ರ. ನೋವು ತಗ್ಗಿದರೆ ಹುಡುಗ ರಾತ್ರಿ ನಿದ್ದೆ ಮಾಡುತ್ತಾನೆ, ಕಾಲನ್ನು ಬೇಗ ಅಲುಗಾಡಿಸಲು ಒಪ್ಪುತ್ತಾನೆ. ಅಷ್ಟಕ್ಕೆ ಬೇಕಾದಷ್ಟೇ ಐಸು ಸಾಕು. ಊತವನ್ನು ನಿಜಕ್ಕೂ ಇಳಿಸುವ ಕೆಲಸವನ್ನು ಎರಡು ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಮಲಗಿಸಿದ ಕಾಲೂ ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಿದ ಕ್ರೇಪ್ ಬ್ಯಾಂಡೇಜೂ ಐಸಿಗಿಂತ ಚೆನ್ನಾಗಿ ಮಾಡುತ್ತವೆ.

ಮಗನ ಕಾಲಿಗೆ ಐಸು ನಿಲ್ಲಿಸುವ ದಿನವನ್ನು ಲೆಕ್ಕ ಹಿಡಿಯಲು ತಾಯಿಗೆ ಒಂದು ದಾರ ಕೊಟ್ಟೆ. ಹಿಮ್ಮಡಿಯ ಕೆಳಗಿನಿಂದ ಪಾದದ ಮೇಲ್ಗಡೆಗೆ ಸುತ್ತಿ, ದಾರ ಕೂಡುವಲ್ಲಿ ಗಂಟು ಹಾಕಿ, ದಿನವೂ ಬೆಳಿಗ್ಗೆ ಅದೇ ಜಾಗದಲ್ಲಿ ಅಳೆಯಬೇಕು. ನೂಲಿನ ಮನೆಯವರಾದ್ದರಿಂದ ಆಕೆಯ ಕೈ ನನ್ನ ಕೈಗಿಂತ ನಿಖರವಾಗಿತ್ತು. ಮಂಗಳವಾರದ ಗಂಟು ಸೋಮವಾರದ ಗಂಟಿನ ಜಾಗದಲ್ಲೇ ಬಿತ್ತು. ಬುಧವಾರದ ಗಂಟು ಬೆರಳಿನ ಅರ್ಧದಷ್ಟು ಒಳಗೆ ಬಂತು. ಅಂಗೈ ಹಿಂಭಾಗವನ್ನು ಎರಡೂ ಹರಡುಗಳ ಮೇಲೆ ಇಟ್ಟು ನೋಡಿದರೆ ಬಿಸಿಯ ವ್ಯತ್ಯಾಸವೂ ಕಡಿಮೆಯಾಗಿತ್ತು, ರಾತ್ರಿಯ ಮಿಡಿತ ನಿಂತಿತ್ತು. ಅಂದಿಗೆ ಐಸಿನ ಕೆಲಸ ಮುಗಿಯಿತು. ಆದರೆ ಐಸು ಮುಗಿದ ಮಾತ್ರಕ್ಕೆ ಮರುದಿನದಿಂದ ಶಾಖ ಎಂದು ಅರ್ಥವಲ್ಲ. ಮುಂದಿನ ವಾರ ಅವನಿಗೆ ಎರಡೂ ಬೇಕಾಗಿರಲಿಲ್ಲ. ಮಲಗಿಕೊಂಡು ಹೆಬ್ಬೆರಳಿನ ತುದಿಯಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯುವುದು, ನೋವು ತಾಳುವಷ್ಟು ಭಾರ ಹಾಕಿ ನಡೆಯುವುದು, ಇವೇ ಆ ವಾರದ ಚಿಕಿತ್ಸೆ. ಅಕ್ಷರಗಳಲ್ಲಿ ‘ಋ’ ಬರೆಯುವಾಗ ಕಾಲು ಎಲ್ಲ ದಿಕ್ಕಿಗೂ ತಿರುಗುತ್ತದೆ, ಹಾಗಾಗಿ ಅದನ್ನು ಹತ್ತು ಸಲ ಬರೆಯಿಸುವುದು ನನ್ನ ರೂಢಿ.

ಶಾಖದ ವಿಷಯಕ್ಕೆ ಬಂದರೆ, ತಂದೆಯ ಮನೆಯಲ್ಲಿ ನಡೆದ ಎರಡನೆಯ ತಪ್ಪು ನನ್ನ ಗಮನಕ್ಕೆ ಬಂದದ್ದು ಮೂರನೆಯ ಭೇಟಿಯಲ್ಲಿ. ಐಸು ಬಿಡಿಸಿ, ಬಿಸಿನೀರಿನ ಶಾಖ ಕೊಡಿ ಎಂದು ಕಳಿಸಿದ್ದೆ. ಅವರು ಬಂದಾಗ ಹರಡಿನ ಮುಂದಿನ ಚರ್ಮ ಕೆಂಪಾಗಿ ಒಂದು ಕಡೆ ಬೊಬ್ಬೆಯೆದ್ದಿತ್ತು. “ಕೈಯಲ್ಲಿ ಮುಟ್ಟಿ ನೋಡೇ ಹಾಕಿದೆ ಮೇಡಮ್, ಅಂಥ ಬಿಸಿ ಏನಿರಲಿಲ್ಲ” ಎಂದರು. ಅವರ ಕೈಯನ್ನು ನೋಡಿದೆ. ಮೂವತ್ತು ವರ್ಷ ಬಿಸಿನೀರಿನ ತೊಟ್ಟಿಯಲ್ಲಿ ಗೂಡಿನ ಎಳೆ ಹುಡುಕಿದ ಬೆರಳುಗಳು, ತುದಿಯಲ್ಲಿ ಬೆಳ್ಳಗೆ ದಡ್ಡುಗಟ್ಟಿದ್ದವು. ಆ ಕೈಗೆ ಬೆಚ್ಚಗೆನಿಸಿದ ನೀರು ಪಾದದ ತೆಳುಚರ್ಮಕ್ಕೆ ಬೇಯಿಸುವ ನೀರು. ಬಿಸಿಯನ್ನು ಅಳೆಯಲು ಕೆಲಸದ ಕೈ ಬೇಡ, ಮೊಣಕೈ ಅಥವಾ ಮುಂಗೈ ಒಳಭಾಗ ಬಳಸಬೇಕು; ಅದೂ ಆ ಮನೆಯಲ್ಲಿ ಹೆಂಡತಿಯದು.

ಅಳತೆ ಇಟ್ಟುಕೊಂಡರೆ ಮುಟ್ಟುವ ಗೊಂದಲವೂ ತಪ್ಪುತ್ತದೆ. ನಾರು ಮಣಿಯಲು ಬೇಕಾದ ಕಾವು 40 ಡಿಗ್ರಿಯ ಆಸುಪಾಸು. ನೀರು 50 ಡಿಗ್ರಿಯಿದ್ದರೆ ಕೆಲವೇ ನಿಮಿಷಗಳಲ್ಲಿ, 60 ಡಿಗ್ರಿಯಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಒಂದು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ನಲ್ಲಿ ನೀರು ಬೆರೆಸಿದರೆ ಕಾವು ಸುಮಾರು 40ರಿಂದ 43 ಡಿಗ್ರಿಯ ಒಳಗೆ ಬಂದು ನಿಲ್ಲುತ್ತದೆ. (ನಮ್ಮ ಜಿಲ್ಲೆಯ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಲೆಕ್ಕಕ್ಕೆ ಅದೂ ಅನುಕೂಲವೇ.) ಅರ್ಧಕ್ಕರ್ಧ ಬೆರೆಸುವುದು ಹಲವರ ರೂಢಿ, ಅದು 60 ಡಿಗ್ರಿಯ ಹತ್ತಿರ ಹೋಗುತ್ತದೆ. ಹೀಗೆ ಬೆರೆಸಿದ ನೀರಿರುವ ಬಕೆಟ್ಟಿನಲ್ಲಿ ಪಾದವನ್ನು ಹದಿನೈದು ನಿಮಿಷ ಮುಳುಗಿಸಬಹುದು, ಅಥವಾ ದಪ್ಪ ಟವೆಲನ್ನು ಅದರಲ್ಲಿ ಅದ್ದಿ ಹಿಂಡಿ ಸುತ್ತಿ, ಆರಿದಂತೆಲ್ಲ ಬದಲಿಸಬಹುದು. ನೋವಿನ ಮುಲಾಮು ಹಚ್ಚಿದ ಚರ್ಮದ ಮೇಲೆ ಶಾಖ ಕೊಡಬಾರದು. ಎರಡೂ ಸೇರಿದರೆ ಬೊಬ್ಬೆ ಖಂಡಿತ.

ಹೊರಗಿನಿಂದ ಕೊಡುವ ಶಾಖ ಒಂದೆರಡು ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿಯುವುದಿಲ್ಲ. ಸೊಂಟದ ಕೀಲಿಗೆ ಇದು ತಲುಪುವುದೇ ಇಲ್ಲ, ಆದರೆ ಹರಡಿನ ಮೇಲೆ ಮಾಂಸವೇ ಇಲ್ಲದಿರುವುದರಿಂದ ಗಂಟಿನ ನಾರಿಗೆ ತಲುಪುತ್ತದೆ. ತಲುಪಿದ ಮೇಲೂ ಅದು ತಾನಾಗಿ ಏನನ್ನೂ ಉದ್ದ ಮಾಡುವುದಿಲ್ಲ. ಎಳೆದರೆ ಮಣಿಯುವ ಹದಕ್ಕೆ ತರುತ್ತದೆ, ಆ ಹದವೂ ಕೆಲವೇ ನಿಮಿಷ ಇರುತ್ತದೆ. ಶಾಖ ಮುಗಿಸಿ ಕಾಫಿ ಕುಡಿದು ಪತ್ರಿಕೆ ಓದಿ ಆಮೇಲೆ ವ್ಯಾಯಾಮ ಮಾಡುವವರಿಗೆ ತಿಂಗಳಾದರೂ ಫಲ ಕಾಣದಿರುವುದು ಇದೇ ಕಾರಣಕ್ಕೆ. ತಂದೆಗೆ ನಾನು ಹೇಳಿದ್ದು ಹೀಗೆ: ಕಾಲು ಒರೆಸಿಕೊಂಡ ಕೂಡಲೇ ಗೋಡೆಯ ಮುಂದೆ ನಿಂತು, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಬೇಕು, ತಾಗಿದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ತಾಗಿಸಬೇಕು. ಹೆಬ್ಬೆರಳಿನ ತುದಿಯಿಂದ ಗೋಡೆಗೆ ಎಷ್ಟು ದೂರ ಎಂಬುದೇ ಅಳತೆ. ಅವರ ಒಳ್ಳೆಯ ಎಡಗಾಲು 10 ಸೆಂಟಿಮೀಟರ್ ದೂರದಿಂದ ತಾಗುತ್ತಿತ್ತು, ಬಲಗಾಲು 4ಕ್ಕೇ ನಿಲ್ಲುತ್ತಿತ್ತು. ಮುಂದಿನ ತುದಿಯಲ್ಲಿ ಮೂವತ್ತು ಸೆಕೆಂಡು ಹಿಡಿದು ಬಿಡಬೇಕು, ನಾಲ್ಕು ಸಲ. ಎಳೆತ ಹಿಂದಿನ ಮೀನಖಂಡದಲ್ಲಿ ತಿಳಿದರೆ ಸರಿ. ಗಂಟಿನ ಮುಂದೆ ಚುಚ್ಚಿದಂತಾದರೆ ಅಲ್ಲಿಗೆ ನಿಲ್ಲಿಸಬೇಕು.

ಹಳೆಯ ಪೆಟ್ಟಿಗೆ ಯಾವಾಗಲೂ ಶಾಖವೇ ಎಂದು ಬರೆದುಕೊಳ್ಳುವಂತಿಲ್ಲ. ನಾಲ್ಕನೆಯ ವಾರ ಗೂಡಿನ ಬೆಲೆ ಇಳಿದದ್ದರಿಂದ ಹೆಚ್ಚು ಕೊಂಡುಕೊಂಡು, ತಂದೆ ಎರಡು ದಿನ ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದರು. ಮರುದಿನ ಸಂಜೆ ಆ ನಾಲ್ಕು ವರ್ಷದ ಹಳೆಯ ಗಂಟು ಊದಿ, ಅಂಗೈ ಹಿಂಭಾಗಕ್ಕೆ ಬಿಸಿ ತಾಗುತ್ತಿತ್ತು. ಅಂಥ ಸಂಜೆ ಅದು ಹಳೆಯ ಕಾಲಲ್ಲ, ಹೊಸ ಉಳುಕೇ: ಹತ್ತು ನಿಮಿಷ ಐಸು, ಕಾಲು ದಿಂಬಿನ ಮೇಲೆ, ಆ ದಿನ ಎಳೆತದ ವ್ಯಾಯಾಮ ಬೇಡ. ಬಿಸಿ ಇಳಿದ ಮೇಲೆ ಬೆಳಗಿನ ಬಿಗಿತಕ್ಕೆ ಮತ್ತೆ ಶಾಖ. ಪೆಟ್ಟಾದ ತಾರೀಖಿಗಿಂತ ಗಂಟಿನ ಈ ಹೊತ್ತಿನ ಸ್ಥಿತಿಯನ್ನು ನೋಡುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಗಂಟು ಬಿಸಿಯಾಗಿರುವುದರ ಜೊತೆಗೆ ಜ್ವರವಿದ್ದರೆ, ಅಥವಾ ಮೀನಖಂಡವೇ ಒಂದು ಕಡೆ ಊದಿ ಕೆಂಪಾಗಿ ನೋಯುತ್ತಿದ್ದರೆ, ಐಸೂ ಬೇಡ, ಶಾಖವೂ ಬೇಡ, ನೀವುವುದಂತೂ ಬೇಡವೇ ಬೇಡ. ಅದು ಸೋಂಕೋ ರಕ್ತ ಹೆಪ್ಪುಗಟ್ಟಿದ್ದೋ ಎಂದು ವೈದ್ಯರು ಅಂದೇ ನೋಡಬೇಕು.

ಇಬ್ಬರ ಆರೈಕೆ ನೋಡುತ್ತಿದ್ದ ಅಜ್ಜಿಗೂ ತಮ್ಮ ಪಾದಕ್ಕೆ ಬಿಸಿನೀರಿನ ಬಕೆಟ್ಟು ಬೇಕೆನಿಸಿತು. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ಸ್ಟೀಲ್ ಚಮಚ ತೆಗೆದುಕೊಂಡು ಒಂದನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬೆಚ್ಚನೆ ನೀರಿನಲ್ಲಿ ಅದ್ದಿ, ಕಣ್ಣು ಮುಚ್ಚಿಸಿ ಒಂದೊಂದಾಗಿ ಪಾದಕ್ಕೆ ತಾಗಿಸಿದೆ. ಐದು ಸಲದಲ್ಲಿ ಮೂರು ಸಲ ತಪ್ಪು ಹೇಳಿದರು. ಪಾದಕ್ಕೆ ಬಿಸಿ ತಣ್ಣಗಿನ ವ್ಯತ್ಯಾಸ ತಿಳಿಯದವರಿಗೆ ಐಸೂ ಶಾಖವೂ ಒಂದೇ ರೀತಿ ಅಪಾಯ. ಚರ್ಮ ಸುಟ್ಟದ್ದು ಅವರಿಗೆ ತಿಳಿಯುವುದು ಕಾಲುಚೀಲಕ್ಕೆ ನೀರಂಟಿದ ಮೇಲೆ. ಅಜ್ಜಿಗೆ ಕೋಪ ಬಂತು. “ಉಪ್ಪಿನ ಶಾಖ ಕೊಟ್ಟು ನಾಲ್ಕು ಮಕ್ಕಳನ್ನು ಸಾಕಿದೀನಿ ಕಣಮ್ಮ” ಎಂದರು. ಹುರಿದ ಉಪ್ಪಿನ ಗಂಟು ನಿಮ್ಮ ಮಗನ ಕಾಲಿಗೆ ಒಳ್ಳೆಯದೇ ಎಂದೆ, ಮುಂಗೈಗೆ ತಾಗಿಸಿ ನೋಡಿ, ದಪ್ಪ ಬಟ್ಟೆಯ ಮೇಲೆ ಇಟ್ಟರೆ. ಮೊಮ್ಮಗನ ಕಾಲಿನಿಂದ ಎದ್ದ ಆ ಗಂಟು ಈಗ ಮಗನ ಕಾಲಿನ ಹತ್ತಿರ ಕೂತಿದೆ. ಎಂಟನೆಯ ವಾರ ಗೋಡೆಯ ಮುಂದಿನ ಸೀಮೆಸುಣ್ಣದ ಗುರುತು 7 ಸೆಂಟಿಮೀಟರಿಗೆ ಬಂದಿತ್ತು.